ಹೊಲದಲ್ಲಿ ಬಿಳಿ ಉಪ್ಪು ಎದ್ದಿದೆ, ಎಕರೆಗೆ ಎಷ್ಟು ಜಿಪ್ಸಂ ಹಾಕಬೇಕು?

ಹೋದ ತಿಂಗಳು ರಾಯಚೂರಿನಲ್ಲಿ ನಡೆದ ಮಣ್ಣು ಮತ್ತು ನೀರಾವರಿ ಸಮ್ಮೇಳನದಲ್ಲಿ ಸವಳು ಭೂಮಿಯ ಬಗ್ಗೆ ನಾನು ಮಾತಾಡಿದ್ದೆ. ಮಾತು ಮುಗಿದ ಮೇಲೆ ಕಾರಟಗಿ ಕಡೆಯ ರೈತರೊಬ್ಬರು ಎದ್ದು ಕೇಳಿದರು: "ಸರ್, ನಮ್ಮ ಹೊಲದಾಗ ಬಿಳಿ ಉಪ್ಪು ಎದ್ದೈತಿ. ಎಕರೆಗೆ ಜಿಪ್ಸಂ ಎಷ್ಟು ಚೀಲ ಹಾಕಬೇಕ್ರಿ?" ಆಮೇಲೆ ಫೋನ್ ಮಾಡಿದವರು, ಮೆಸೇಜ್ ಕಳಿಸಿದವರೂ ಹೆಚ್ಚುಕಮ್ಮಿ ಇದನ್ನೇ ಕೇಳಿದ್ದಾರೆ. ಅಂದು ಕೊಟ್ಟ ಉತ್ತರ ಎರಡೇ ನಿಮಿಷದ್ದು. ಇಲ್ಲಿ ಪೂರ್ತಿ ಬರೆಯುತ್ತೇನೆ. ನನ್ನ ಮಾತಿನ ಮುಖ್ಯ ವಿಷಯವೂ ಇದರಲ್ಲೇ ಬಂದುಬಿಡುತ್ತದೆ.

ಬರೀ ಬಿಳಿ ಉಪ್ಪು ಎದ್ದಿದ್ದರೆ ಸಾಮಾನ್ಯವಾಗಿ ಜಿಪ್ಸಂ ಬೇಕಾಗುವುದೇ ಇಲ್ಲ. ಜಿಪ್ಸಂ ಬೇಕಾಗಿರುವುದು ಹೆಚ್ಚಾಗಿ ಉಪ್ಪು ಕಾಣದ ಇನ್ನೊಂದು ಹೊಲಕ್ಕೆ.

ನಾವು ಎಲ್ಲವನ್ನೂ ಸವಳು ಅಂತೀವಿ. ಆದರೆ ಒಳಗೆ ಎರಡು ಬೇರೆ ರೋಗಗಳಿವೆ. ಮೊದಲನೆಯದು ಬಿಳಿ ಸವಳು. ಇದರಲ್ಲಿ ಕರಗುವ ಉಪ್ಪು ಜಾಸ್ತಿ. ನೆಲದಡಿಯ ನೀರು ಮೇಲೇರಿ, ಬಿಸಿಲಿಗೆ ಆರಿ, ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಮಣ್ಣು ಪುಡಿಪುಡಿಯಾಗೇ ಇರುತ್ತದೆ, ನೀರೂ ಇಂಗುತ್ತದೆ. ಬೇರಿಗೆ ಮಾತ್ರ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಎರಡನೆಯದು ಕ್ಷಾರ ಮಣ್ಣು. ಇಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ. ನೀರು ಬಿದ್ದ ಕೂಡಲೇ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ದಿನಗಟ್ಟಲೆ ಕೆಸರು ಬಣ್ಣದಲ್ಲೇ ನಿಲ್ಲುತ್ತದೆ. ಆರಿದ ಮೇಲೆ ನೆಲ ಗಟ್ಟಿ, ಮೇಲೆ ಕಪ್ಪು ಪೊರೆ.

ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲಿನ ಸೋಡಿಯಂ ಅನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಹೊರಬಿದ್ದ ಸೋಡಿಯಂ ನೀರಿನ ಜೊತೆ ಕೆಳಗೆ ಹೋಗುತ್ತದೆ. ಅದರ ಕೆಲಸ ಇಷ್ಟೇ. ಮೊದಲನೇ ರೋಗದಲ್ಲಿ ತಳ್ಳುವಷ್ಟು ಸೋಡಿಯಂ ಕಣದ ಮೇಲೆ ಇರುವುದೇ ಇಲ್ಲ. ಜಿಪ್ಸಂ ಕೂಡ ಒಂದು ಉಪ್ಪು ತಾನೇ? ಉಪ್ಪಿಗೆ ಉಪ್ಪು ಸೇರಿಸಿದ ಹಾಗಾಗುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಮಣ್ಣು ಪರೀಕ್ಷೆ ವರದಿಯಲ್ಲಿ ಪಿಹೆಚ್ ಮತ್ತು ಇಸಿ ಎರಡನ್ನೂ ಒಟ್ಟಿಗೆ ನೋಡಿ. ಇಸಿ ಅಂದರೆ ಮಣ್ಣಿನಲ್ಲಿ ಕರಗುವ ಉಪ್ಪು ಎಷ್ಟಿದೆ ಅಂತ ತೋರಿಸುವ ಅಂಕಿ. ಇಸಿ ಜಾಸ್ತಿ ಇದ್ದು ಪಿಹೆಚ್ 8.5ರ ಒಳಗಿದ್ದರೆ ಬಿಳಿ ಸವಳು. ಪಿಹೆಚ್ 8.5 ದಾಟಿ ಇಸಿ ಕಡಿಮೆ ಇದ್ದರೆ ಕ್ಷಾರದ ಅನುಮಾನ. ಒಂದು ಕಡೆ ತುಂಬಾ ಜನ ಎಡವುತ್ತಾರೆ. ಪುಸ್ತಕದಲ್ಲಿ ಇಸಿ 4 ದಾಟಿದರೆ ಸವಳು ಅಂತ ಇರುತ್ತದೆ. ಅದು ಮಣ್ಣನ್ನು ನೀರಲ್ಲಿ ಕಲಸಿ ಮುದ್ದೆ ಮಾಡಿ, ಅದರಿಂದ ಹೀರಿ ತೆಗೆದ ನೀರಿನ ಲೆಕ್ಕ. ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು, ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತಾರೆ. ತೆಳುವಾದ ನೀರಲ್ಲಿ ಅಂಕಿ ಇಳಿಯುತ್ತದೆ. ವರದಿಯಲ್ಲಿ 2 ಬಂದರೆ "ನಾಲ್ಕರ ಒಳಗಿದೆ" ಅಂತ ನೆಮ್ಮದಿಯಾಗಿ ಇರಬೇಡಿ. ಭತ್ತಕ್ಕೆ ಅದು ಆಗಲೇ ತೊಂದರೆಯ ಮಟ್ಟ.

ಮನೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದಲ್ಲಿ ಮಳೆ ನೀರು ತೆಗೆದುಕೊಳ್ಳಿ. ಬೋರ್ ನೀರು ಬೇಡ, ಅದರ ಉಪ್ಪೇ ಉತ್ತರ ಬದಲಿಸುತ್ತದೆ. ಒಣಗಿದ ಮಣ್ಣಿನ ಕಡಲೆಕಾಳಿನಷ್ಟು ಹೆಂಟೆ ಹಾಕಿ. ಅಲ್ಲಾಡಿಸದೆ ಎರಡು ಗಂಟೆ ಬಿಡಿ. ಹೆಂಟೆ ಒಡೆದರೂ ನೀರು ತಿಳಿಯಾಗಿದ್ದರೆ ಕ್ಷಾರ ಕಡಿಮೆ. ಹೆಂಟೆ ಸುತ್ತ ಹಾಲಿನಂಥ ಮೋಡ ಹರಡಿದರೆ ಕ್ಷಾರ. ಇದಕ್ಕೂ ಮಿತಿ ಇದೆ. ಎರಡೂ ರೋಗ ಒಂದೇ ಹೊಲದಲ್ಲಿದ್ದರೆ, ಜಾಸ್ತಿ ಉಪ್ಪು ಕಣಗಳನ್ನು ಹಿಡಿದಿಟ್ಟುಕೊಂಡು ನೀರು ತಿಳಿಯಾಗೇ ಕಾಣಬಹುದು. ಅಂಥ ಹೊಲಕ್ಕೆ ಜಿಪ್ಸಂ ಇಲ್ಲದೆ ಬರೀ ಕಾಲುವೆ ನೀರು ಬಿಟ್ಟು ತೊಳೆದರೆ ಉಪ್ಪು ಹೋಗಿ ಕ್ಷಾರ ಉಳಿಯುತ್ತದೆ, ನೆಲ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಲೋಟದ ಪರೀಕ್ಷೆ ಆದ ಮೇಲೂ ಪ್ರಯೋಗಾಲಯಕ್ಕೆ ಹೋಗಲೇಬೇಕು.

ಸಮ್ಮೇಳನದಲ್ಲಿ ತೋರಿಸಿದ ಎರಡು ಹೊಲಗಳ ಕತೆ ಹೇಳುತ್ತೇನೆ. ಒಬ್ಬರದೇ ಹೊಲಗಳು, ನಡುವೆ ಒಂದು ಬದು ಅಷ್ಟೇ. ಕೆಳಗಿನ ಹೊಲದಲ್ಲಿ ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳುಪು. ಪಿಹೆಚ್ 7.9, ಇಸಿ 3.1. ಮೇಲಿನದರಲ್ಲಿ ಉಪ್ಪೇ ಕಾಣದು. ಪಿಹೆಚ್ 8.9, ಇಸಿ 0.6. ಅವರು ಜಿಪ್ಸಂ ತಂದು ಹಾಕಿದ್ದು ಕೆಳಗಿನ ಹೊಲಕ್ಕೆ. ಎರಡು ಬೆಳೆ ಕಳೆದರೂ ಏನೂ ಬದಲಾಗಲಿಲ್ಲ.

ಮೇಲಿನ ಹೊಲದ ಲೆಕ್ಕ ನೋಡೋಣ. ಪ್ರತಿ ಕೆಜಿ ಮಣ್ಣಿನ ಮೇಲೆ ಇರುವ ಜಾಗವನ್ನು 100 ಸೀಟು ಅಂದುಕೊಳ್ಳಿ. ವರದಿ ಪ್ರಕಾರ 20 ಸೀಟಿನಲ್ಲಿ ಸೋಡಿಯಂ ಕೂತಿತ್ತು. 10ಕ್ಕೆ ಇಳಿಸಬೇಕು. ಇಂಥ ಎರೆ ಮಣ್ಣಿನಲ್ಲಿ ಅದಕ್ಕೆ ಪ್ರತಿ ಟನ್ ಮಣ್ಣಿಗೆ ಸುಮಾರು ಮೂರೂವರೆ ಕೆಜಿ ಶುದ್ಧ ಜಿಪ್ಸಂ ಬೇಕು. ಒಂದು ಎಕರೆಯಲ್ಲಿ ಅರ್ಧ ಅಡಿ ಆಳದ ಮಣ್ಣು ಸುಮಾರು 800 ಟನ್ ತೂಗುತ್ತದೆ. ಒಟ್ಟು 2.8 ಟನ್ ಆಯಿತು. ತಂದ ಜಿಪ್ಸಂ 70 ಭಾಗ ಶುದ್ಧ ಇದ್ದರೆ ಅದು 4 ಟನ್. 50 ಕೆಜಿ ಚೀಲದಲ್ಲಿ 80 ಚೀಲ! ನಾಲ್ಕೈದು ಚೀಲ ಎರಚಿ "ಜಿಪ್ಸಂ ಕೆಲಸ ಮಾಡಲಿಲ್ಲ" ಅನ್ನುವುದರ ಕಾರಣ ಇಲ್ಲಿದೆ. ನಿಮ್ಮ ಮಣ್ಣಿಗೆ ಈ ಅಂಕಿ ಬೇರೆ ಇರುತ್ತದೆ. ಪ್ರಯೋಗಾಲಯದಲ್ಲಿ "ಜಿಪ್ಸಂ ಅಗತ್ಯ" ಪರೀಕ್ಷೆ ಅಂತಲೇ ಕೇಳಿ ಮಾಡಿಸಿ.

ಹಾಕಿದ ಮೇಲೆ ನೀರಿನದೇ ದೊಡ್ಡ ಕೆಲಸ. ಒಂದು ಲೀಟರ್ ನೀರಿನಲ್ಲಿ ಜಿಪ್ಸಂ ಕರಗುವುದು ಎರಡೂವರೆ ಗ್ರಾಂನಷ್ಟು ಮಾತ್ರ. ಆ 2.8 ಟನ್ ಕರಗಲು ಹೊಲದ ತುಂಬ ಹೆಚ್ಚುಕಮ್ಮಿ ಒಂದು ಅಡಿ ನೀರು ಬೇಕು. ಮೇಲಿನ ನಾಲ್ಕೈದು ಇಂಚಿಗಷ್ಟೇ ಬೆರೆಸಿ, ನಾಟಿಗೆ ಮೊದಲು ನೀರು ನಿಲ್ಲಿಸಿ, ಅದು ಇಂಗಲು ಬಿಡಿ, ಮತ್ತೆ ನಿಲ್ಲಿಸಿ.

ಇಂಗಿದ ನೀರು ಹೋಗುವುದೆಲ್ಲಿ? ಎರಡೂ ಹೊಲಗಳ ಉತ್ತರ ಕೂಡುವುದು ಇಲ್ಲೇ. ನಮ್ಮ ಭಾಗಕ್ಕೆ ತುಂಗಭದ್ರಾ ನೀರು ಬಂದದ್ದು 1953ರಲ್ಲಿ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಅಂತ ಯೋಚಿಸಿದ್ದ ಜಾಗದಲ್ಲೂ ಭತ್ತ ಬಂತು. ನೆಲದಡಿಯ ನೀರು ಮೇಲೇರಿತು. ಹೊಲದ ಮೂಲೆಯಲ್ಲಿ ಐದಡಿ ಆಳದ ತೂತು ಕೊರೆದು, ತೂತು ಹಾಕಿದ ಪೈಪ್ ಇಳಿಸಿ ನೋಡಿ. ಮೂರಡಿಯಲ್ಲೇ ನೀರು ಸಿಕ್ಕರೆ ಮೊದಲು ಬಸಿಗಾಲುವೆ ಆಗಬೇಕು. ಕೆಳಗಿನ ಹೊಲದಲ್ಲಿ ನೀರು ಎರಡೂವರೆ ಅಡಿಯಲ್ಲೇ ಇತ್ತು. ಹೂಳು ತುಂಬಿದ್ದ ಬಸಿಗಾಲುವೆಯನ್ನು ಹಳ್ಳದವರೆಗೆ ತೆಗೆದು, ಕಾಲುವೆ ನೀರಿನಿಂದ ಮೂರು ಸಲ ತೊಳೆದ ಮೇಲೆ ಇಸಿ 1.2ಕ್ಕೆ ಇಳಿಯಿತು. ಜಿಪ್ಸಂ ಒಂದು ಚೀಲವೂ ಬೇಕಾಗಲಿಲ್ಲ.

ಮಣ್ಣು ತೆಗೆಯುವಾಗ ಒಂದು ಮಾತು ನೆನಪಿಡಿ. ಕೆಟ್ಟ ತುಂಡಿನ ಮಣ್ಣು ಮತ್ತು ಚೆನ್ನಾಗಿರುವ ತುಂಡಿನ ಮಣ್ಣು ಬೆರೆಸಬೇಡಿ. ಮೇಲಿನ ಬಿಳಿ ಪದರವನ್ನು ಬೇರೆ ಚೀಲದಲ್ಲಿ ಕೊಡಿ.

ಸಂಘಟಕರಿಗೆ ಮನಸಾರೆ ಧನ್ಯವಾದ. ರೈತರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಊಟದ ಹೊತ್ತಿನಲ್ಲಿ ಮೇಜಿನ ಮೇಲೆ ಇಸಿ ಮೀಟರ್ ಇಟ್ಟು, ತಂದವರ ಮಣ್ಣನ್ನೆಲ್ಲ ಅಳೆದು ಕೊಟ್ಟರು. ಬಸ್ಸಿಗೆ ತಡವಾದವರಿಗಾಗಿ ನನ್ನ ಮಾತನ್ನು ಅರ್ಧ ಗಂಟೆ ಮುಂದೂಡಿದರು. ಸ್ಲೈಡ್‌ಗಳ ಲಿಂಕ್ ಅನ್ನು ಅವರು ನೋಂದಾಯಿಸಿದವರೆಲ್ಲರ ಫೋನಿಗೆ ಕಳಿಸಿದ್ದಾರೆ. 9ನೇ ಸ್ಲೈಡಿನಲ್ಲಿ ಲೋಟದ ಪರೀಕ್ಷೆಯ ಫೋಟೋಗಳಿವೆ, 14ರಲ್ಲಿ ಜಿಪ್ಸಂ ಲೆಕ್ಕ ಇದೆ. ಕಾರಟಗಿಯ ಅಣ್ಣಾವ್ರೇ, ನಿಮ್ಮ ವರದಿಯ ಪಿಹೆಚ್ 8.1, ಇಸಿ 2.4 ಅಂದಿರಿ. ಜಿಪ್ಸಂ ಆರ್ಡರ್ ಸದ್ಯಕ್ಕೆ ನಿಲ್ಲಿಸಿ, ಸೋಡಿಯಂ ಪರೀಕ್ಷೆ ಒಂದನ್ನು ಮಾಡಿಸಿ. ಅಷ್ಟರಲ್ಲಿ ಆ ಐದಡಿ ತೂತನ್ನೂ ಕೊರೆದು ನೀರು ಎಷ್ಟು ಆಳದಲ್ಲಿದೆ ಅಂತ ನೋಡಿಕೊಳ್ಳಿ.