ನಲವತ್ತೆರಡು ಡಿಗ್ರಿಯ ಗುಟ್ಟು

ಕಾಮನಬಿಲ್ಲಿನ ಅಳತೆ ಮೊದಲೇ ಸಿಕ್ಕಿತ್ತು. ಅದರ ಕಾರಣ ಸಿಗಲು ಮೂರೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ನಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಬಿಲ್ಲು ಸುಮಾರು 42 ಡಿಗ್ರಿ ದೂರದಲ್ಲಿರುತ್ತದೆ ಎಂಬುದನ್ನು ಇಂಗ್ಲೆಂಡಿನ ರೋಜರ್ ಬೇಕನ್ 1260ರ ದಶಕದಲ್ಲೇ ಬರೆದಿದ್ದ.

1300ರ ನಂತರದ ವರ್ಷಗಳಲ್ಲಿ ಜರ್ಮನಿಯ ಥಿಯೊಡೊರಿಕ್ ಮತ್ತು ಪರ್ಷಿಯಾದ ಕಮಾಲುದ್ದೀನ್ ಅಲ್-ಫಾರಿಸಿ, ಒಬ್ಬರನ್ನೊಬ್ಬರು ಅರಿಯದೆಯೇ, ನೀರು ತುಂಬಿದ ಗಾಜಿನ ಗೋಳವನ್ನು ದೊಡ್ಡದೊಂದು ಹನಿಯೆಂದು ಭಾವಿಸಿ ಪರೀಕ್ಷಿಸಿದರು. ಕಿರಣ ಒಳಹೊಕ್ಕಾಗ ಬಾಗುತ್ತದೆ, ಹಿಂಬದಿಯ ಗೋಡೆಯಲ್ಲಿ ಒಮ್ಮೆ ಪ್ರತಿಫಲಿಸುತ್ತದೆ, ಹೊರಬರುವಾಗ ಮತ್ತೆ ಬಾಗುತ್ತದೆ. ದಾರಿ ಸರಿಯಾಗಿಯೇ ಇತ್ತು. ಆದರೆ ಥಿಯೊಡೊರಿಕ್ ಕೋನವನ್ನು 22 ಡಿಗ್ರಿ ಎಂದು ಬರೆದಿಟ್ಟ! ಕಿರಣ ಎಷ್ಟು ಬಾಗುತ್ತದೆ ಎಂದು ಹೇಳುವ ನಿಯಮ ಅವನಿಗೆ ತಿಳಿದಿರಲಿಲ್ಲವಾದ್ದರಿಂದ ಲೆಕ್ಕ ಹಾಕಿ ತಪ್ಪು ಹಿಡಿಯುವ ಉಪಾಯವೂ ಇರಲಿಲ್ಲ.

ಆ ನಿಯಮ, ಅಂದರೆ ವಕ್ರೀಭವನದ ಸೈನ್ ನಿಯಮ, ಕೈಗೆ ಬಂದ ಮೇಲೆ 1637ರಲ್ಲಿ ಫ್ರೆಂಚ್ ಗಣಿತಜ್ಞ ಡೆಕಾರ್ಟ್ ತನ್ನ ಲೆಕ್ಕವನ್ನು ಪ್ರಕಟಿಸಿದ. ಪತನ ಕೋನ i, ಹನಿಯೊಳಗಿನ ಕೋನ r ಆಗಿದ್ದರೆ, ಹೊರಬಂದ ಕಿರಣವು ಬಂದ ದಾರಿಯೊಡನೆ ಮಾಡುವ ಕೋನ 4r − 2i. ಇಷ್ಟಕ್ಕೆ ಶಾಲೆಯ ರೇಖಾಗಣಿತ ಸಾಕು. ಕಷ್ಟ ಬೇರೆಡೆ ಇದೆ: ಸೂರ್ಯನ ಬೆಳಕು ಹನಿಯ ಮೈಮೇಲೆಲ್ಲ ಬೀಳುತ್ತದೆ, ಪ್ರತಿ ಕಿರಣದ i ಬೇರೆ. ಹಾಗಿದ್ದರೆ ಒಂದೇ ಕೋನ ಎಲ್ಲಿಂದ ಬಂತು?

ಡೆಕಾರ್ಟ್ ಕಿರಣಗಳನ್ನು ಒಂದೊಂದಾಗಿ ಲೆಕ್ಕ ಹಾಕಿದ. ನೀರಿನ ವಕ್ರೀಭವನ ಸೂಚ್ಯಂಕ 4/3 ಎಂದು ಹಿಡಿದು ನಾವೂ ಮಾಡಬಹುದು. ಹನಿಯ ತ್ರಿಜ್ಯ 1 ಆಗಿರಲಿ. ನಡುಗೆರೆಯಿಂದ 0.8 ದೂರದಲ್ಲಿ ಬೀಳುವ ಕಿರಣಕ್ಕೆ sin i = 0.8, sin r = 0.6. ಆಗ i 53.13, r 36.87 ಡಿಗ್ರಿ, ಉತ್ತರ 41.2. ದೂರ 0.4 ಆದರೆ 22.7, 0.5 ಆದರೆ 28.1, 0.86 ಆದರೆ 42.0, 0.9 ಆದರೆ 41.5, ಅಂಚಿನಲ್ಲಿ 14.4.

0.4ರಿಂದ 0.5ರ ನಡುವಿನ ಬೆಳಕು ಐದು ಡಿಗ್ರಿಗೂ ಮಿಕ್ಕಿ ಚೆದುರಿಹೋಗುತ್ತದೆ. 0.8ರಿಂದ 0.9ರ ನಡುವಿನದು ಒಂದು ಡಿಗ್ರಿಯೊಳಗೇ ಅಡಕವಾಗುತ್ತದೆ. ಕೋನ ಏರುತ್ತ ಹೋಗಿ 42ರಲ್ಲಿ ಹಿಂತಿರುಗುವುದರಿಂದ ಕಿರಣಗಳು ಅಲ್ಲಿಯೇ ಗುಂಪುಗೂಡುತ್ತವೆ. ಆ ದಟ್ಟಣೆಯೇ ಬಿಲ್ಲು. ಮುಂದೆ ನ್ಯೂಟನ್ ಪ್ರತಿ ಬಣ್ಣಕ್ಕೂ ಬೇರೆ ಸೂಚ್ಯಂಕ ಹಾಕಿ ಕೆಂಪಿಗೆ 42 ಡಿಗ್ರಿ 2 ಮಿನಿಟು, ನೇರಳೆಗೆ 40 ಡಿಗ್ರಿ 17 ಮಿನಿಟು ಎಂದು ತೋರಿಸಿದ.

ಹನಿಯೊಳಗೆ ‘ಪೂರ್ಣ’ ಆಂತರಿಕ ಪ್ರತಿಫಲನ ನಡೆಯುತ್ತದೆ ಎಂದು ಬರೆಯುವವರು ಈಗಲೂ ಇದ್ದಾರೆ. ಅದು ಸಾಧ್ಯವೇ ಇಲ್ಲ. ಅದಕ್ಕೆ ಒಳಗಿನ ಕೋನ 48.6 ಡಿಗ್ರಿ ದಾಟಬೇಕು. ಬಿಲ್ಲಿನ ಕಿರಣಕ್ಕೆ ಅದು 40.2 ಮಾತ್ರ. ಹೀಗಾಗಿ ಹೆಚ್ಚಿನ ಬೆಳಕು ಹಿಂಬದಿಯಿಂದಲೇ ಹೊರಟುಹೋಗುತ್ತದೆ, ನಮ್ಮ ಕಣ್ಣಿಗೆ ಬರುವುದು ಉಳಿದ ಚೂರು.

42ಕ್ಕಿಂತ ಕಡಿಮೆ ಕೋನದಲ್ಲಿ ಹೊರಬರುವ ಆ ಚೆದುರಿದ ಕಿರಣಗಳೂ ವ್ಯರ್ಥವಲ್ಲ. ಮುಂದಿನ ಸಲ ಬಿಲ್ಲು ಮೂಡಿದಾಗ ಅದರ ಒಳಭಾಗದ ಆಕಾಶವನ್ನು ಹೊರಭಾಗದ ಆಕಾಶದೊಡನೆ ಹೋಲಿಸಿ ನೋಡಿ: ಒಳಗಡೆ ಎದ್ದು ಕಾಣುವಷ್ಟು ಬೆಳ್ಳಗಿರುತ್ತದೆ.