ವೈಫೈಯಲ್ಲಿ ಮಾತ್ರ ಬ್ಯಾಂಕ್ ಸೈಟ್ ಕೈಕೊಡುತ್ತಿದೆ: ರೂಟರ್‌ನ ಡಿಎನ್‌ಎಸ್ ಯಾರಾದರೂ ಬದಲಿಸಿದ್ದಾರಾ?

ಪ್ರಶ್ನೆ: ಮನೆಯ ವೈಫೈಯಲ್ಲಿ ನನ್ನ ಫೋನಿನಿಂದ ಬ್ಯಾಂಕಿನ ವೆಬ್‌ಸೈಟ್ ತೆರೆದರೆ ‘Your connection is not private’ ಅಂತ ಬರುತ್ತದೆ. ಮೊಬೈಲ್ ಡೇಟಾ ಹಾಕಿದರೆ ಸರಿಯಾಗಿ ತೆರೆಯುತ್ತದೆ. ಫೋನ್ ರೀಸೆಟ್ ಮಾಡಿಸಿದೆ, ಲ್ಯಾಪ್‌ಟಾಪಿಗೆ ಆಂಟಿವೈರಸ್ ಹಾಕಿಸಿದೆ, ಏನೂ ಸಿಗಲಿಲ್ಲ. ವಿಚಿತ್ರ ಅಂದರೆ ಮಗಳ ಫೋನ್ ಅದೇ ವೈಫೈಯಲ್ಲಿ ಚೆನ್ನಾಗಿಯೇ ಇದೆ. ಕೇಬಲ್ ಹುಡುಗ ಬಂದು ರೂಟರ್ ನೋಡಿ ಏನೂ ಪ್ರಾಬ್ಲಂ ಇಲ್ಲ ಅಂದ. ರೂಟರ್‌ನ ಸೆಟ್ಟಿಂಗ್ ಪುಟಗಳ ಎರಡು ಫೋಟೋ ಕಳಿಸಿದ್ದೇನೆ. ಅಲ್ಲಿನ ನಂಬರ್‌ಗಳನ್ನು ನಾನಾಗಲಿ ನೆಟ್ ಹಾಕಿದವರಾಗಲಿ ಬದಲಿಸಿಲ್ಲ. ರೂಟರ್‌ಗೇ ವೈರಸ್ ಬಂದಿರಬಹುದಾ? (ದಾವಣಗೆರೆಯಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಅನುಮಾನ ಸರಿಯಾದ ಕಡೆಗೇ ಹೋಗಿದೆ. ಫೋನ್ ಒಂದೇ, ಸೈಟ್ ಒಂದೇ, ದಾರಿ ಮಾತ್ರ ಬೇರೆ. ವೈಫೈಯಲ್ಲಿ ತೊಂದರೆ, ಮೊಬೈಲ್ ಡೇಟಾದಲ್ಲಿ ಇಲ್ಲ ಅಂದರೆ ಫೋನನ್ನು ಬಿಟ್ಟು ರೂಟರ್ ಕಡೆ ನೋಡಬೇಕು. ಆದರೆ ಇಂಥ ಕಡೆ ಹೆಚ್ಚಿನ ಸಲ ರೂಟರ್‌ನಲ್ಲಿ ವೈರಸ್ ಇರುವುದಿಲ್ಲ. ಒಂದು ನಂಬರ್ ಬದಲಾಗಿರುತ್ತದೆ, ಅಷ್ಟೇ.

ಆ ನಂಬರೇ ಡಿಎನ್‌ಎಸ್ ಸರ್ವರ್‌ನ ವಿಳಾಸ. ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ಫೋನ್ ಮೊದಲು ಡಿಎನ್‌ಎಸ್ ಸರ್ವರ್‌ಗೆ ‘ಈ ಹೆಸರಿನವರ ಮನೆ ಎಲ್ಲಿ?’ ಅಂತ ಕೇಳುತ್ತದೆ. ಅದು ತೋರಿಸಿದ ಕಡೆ ಹೋಗುತ್ತದೆ. ಯಾರನ್ನು ಕೇಳಬೇಕು ಅನ್ನುವುದನ್ನು ಮನೆಯ ಎಲ್ಲ ಸಾಧನಗಳಿಗೂ ರೂಟರೇ ಹೇಳಿಕೊಡುತ್ತದೆ. ಅಲ್ಲಿ ಕಳ್ಳರ ಸರ್ವರ್‌ನ ನಂಬರ್ ಬರೆದುಬಿಟ್ಟರೆ ಮನೆಯ ಫೋನ್, ಲ್ಯಾಪ್‌ಟಾಪ್, ಟಿವಿ ಎಲ್ಲವೂ ತಪ್ಪು ದಾರಿ ಕೇಳಿಕೊಂಡು ಹೋಗುತ್ತವೆ. ಅವುಗಳಲ್ಲಿ ಯಾವುದಕ್ಕೂ ವೈರಸ್ ಹತ್ತಿರುವುದಿಲ್ಲ. ನಿಮ್ಮ ಆಂಟಿವೈರಸ್‌ಗೆ ಏನೂ ಸಿಗದಿದ್ದುದಕ್ಕೆ ಇದೇ ಕಾರಣ.

ಹೊರಗಿನವರು ಮನೆಯೊಳಗಿನ ರೂಟರನ್ನು ಹೇಗೆ ಮುಟ್ಟಿದರು ಅಂತ ಕೇಳಬಹುದು. ಅವರು ಮುಟ್ಟಲಿಲ್ಲ, ನಿಮ್ಮ ಬ್ರೌಸರ್ ಕೈಯಲ್ಲೇ ಮುಟ್ಟಿಸಿದರು. ಯಾವುದೋ ಸಿನಿಮಾ ಡೌನ್‌ಲೋಡ್ ಪುಟವೋ, ಕೆಟ್ಟ ಜಾಹೀರಾತೋ ತೆರೆದುಕೊಂಡಾಗ, ಅದರೊಳಗೆ ಕಣ್ಣಿಗೆ ಕಾಣದ ಒಂದು ‘ಚಿತ್ರ’ ಇರುತ್ತದೆ. ಆ ಚಿತ್ರದ ವಿಳಾಸ `192.168.0.1` ಅಥವಾ `192.168.1.1` ಎಂದು ಶುರುವಾಗುತ್ತದೆ. ಅದು ನಿಮ್ಮ ರೂಟರ್‌ನ ಸೆಟ್ಟಿಂಗ್ ಪುಟದ ವಿಳಾಸ. ಹಿಂದೆಯೇ ‘ಡಿಎನ್‌ಎಸ್ ಇದನ್ನು ಹಾಕು’ ಅನ್ನುವ ಆದೇಶ ಅಂಟಿಕೊಂಡಿರುತ್ತದೆ. ಬ್ರೌಸರ್ ಪಾಪ, ಚಿತ್ರ ತರುತ್ತೇನೆ ಅಂದುಕೊಂಡು ಆ ಆದೇಶವನ್ನು ರೂಟರ್‌ಗೆ ತಲುಪಿಸುತ್ತದೆ. ಕೇಳಿದ್ದು ಮನೆಯೊಳಗಿನ ಫೋನ್ ತಾನೇ ಅಂತ ರೂಟರ್ ಒಪ್ಪಿಕೊಳ್ಳುತ್ತದೆ. ಅಡ್ಮಿನ್ ಪಾಸ್‌ವರ್ಡ್ ಇನ್ನೂ `admin` ಅಂತಲೇ ಇದ್ದರೆ, ಅಥವಾ ನೀವು ರೂಟರ್ ಪುಟಕ್ಕೆ ಲಾಗಿನ್ ಆಗಿ ಹೊರಬರದೆ ಬಿಟ್ಟಿದ್ದರೆ ಕೆಲಸ ಸುಲಭ.

ಇದು ಹೊಸ ಕಸುಬಲ್ಲ. 2008ರ ಜನವರಿಯಲ್ಲಿ ಮೆಕ್ಸಿಕೊದಲ್ಲಿ ಶುಭಾಶಯ ಪತ್ರದ ವೇಷದಲ್ಲಿ ಬಂದ ಒಂದು ಇಮೇಲ್ ತೆರೆದವರ ರೂಟರ್‌ಗಳು ಹೀಗೇ ಬದಲಾದವು. ಅಲ್ಲಿನ ಒಂದು ಬ್ಯಾಂಕಿನ ಹೆಸರು ಟೈಪ್ ಮಾಡಿದವರು ಸೀದಾ ನಕಲಿ ಪುಟಕ್ಕೆ ಹೋದರು. ಈಗಿನ ಬ್ರೌಸರ್‌ಗಳು ಇಂಥ ಕೆಲವು ದಾರಿಗಳನ್ನು ಮುಚ್ಚಿವೆ. ಹಳೆ ರೂಟರ್, ಹಳೆ ಬ್ರೌಸರ್ ಇರುವ ಮನೆಗಳಲ್ಲಿ ಅವು ಇನ್ನೂ ತೆರೆದೇ ಇವೆ.

ಈಗ ಮಗಳ ಫೋನಿನ ವಿಷಯ. ಬಹುಶಃ ಅದರಲ್ಲಿ ‘Private DNS’ಗೆ ಬೇರೆ ಸರ್ವರ್‌ನ ಹೆಸರು ಕೊಟ್ಟಿದೆ, ಅಥವಾ ಕ್ರೋಮ್‌ನಲ್ಲಿ ‘Use secure DNS’ಗೆ ಬೇರೆ ಸರ್ವರ್ ಆರಿಸಲಾಗಿದೆ. ಹಾಗಿದ್ದರೆ ಆ ಫೋನ್ ರೂಟರ್ ಹೇಳಿದವರನ್ನು ಕೇಳುವುದೇ ಇಲ್ಲ. ಹಾಗಾಗಿ ಒಂದು ಫೋನ್ ಸರಿಯಿದೆ ಅಂದಮಾತ್ರಕ್ಕೆ ರೂಟರ್ ಸಾಚಾ ಅಲ್ಲ. ಪರೀಕ್ಷೆ ಮಾಡುವಾಗ ಇವೆರಡನ್ನೂ ಆಫ್ ಮಾಡಿಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇವೆರಡನ್ನು ಕೊಡಿ:

```
ipconfig /all
nslookup whoami.akamai.net
```

ಮೊದಲನೆಯದರಲ್ಲಿ ‘DNS Servers’ ಸಾಲು ನೋಡಿ. ಅಲ್ಲಿ ರೂಟರ್‌ನದೇ ವಿಳಾಸ, ಅಂದರೆ `192.168.0.1` ಥರದ್ದು, ಇದ್ದರೆ ಇನ್ನೂ ಏನೂ ಗೊತ್ತಾಗಲಿಲ್ಲ ಅಂತಲೇ ಅರ್ಥ. ಲ್ಯಾಪ್‌ಟಾಪ್ ರೂಟರನ್ನು ಕೇಳುತ್ತದೆ, ರೂಟರ್ ಇನ್ಯಾರನ್ನೋ ಕೇಳುತ್ತದೆ. ಆ ‘ಇನ್ಯಾರೋ’ ಯಾರು ಅನ್ನುವುದಕ್ಕೇ ಎರಡನೇ ಕಮಾಂಡ್. ಆ ಹೆಸರಿನ ವಿಶೇಷ ಏನೆಂದರೆ, ಕೊನೆಗೆ ಅದರ ಬಗ್ಗೆ ವಿಚಾರಿಸಿದ ಡಿಎನ್‌ಎಸ್ ಸರ್ವರ್‌ನ ವಿಳಾಸವನ್ನೇ ಅದು ಉತ್ತರವಾಗಿ ಕೊಡುತ್ತದೆ. ಕೊನೆಯಲ್ಲಿ ಬರುವ ‘Address’ ನಂಬರ್ ಯಾರ ಹೆಸರಿನಲ್ಲಿದೆ ಅಂತ ಯಾವುದಾದರೂ ಹೂಈಸ್ ಸೈಟ್‌ನಲ್ಲಿ ಹಾಕಿ ನೋಡಿ, ಅದೂ ಮೊಬೈಲ್ ಡೇಟಾದಲ್ಲಿ. ನಿಮಗೆ ನೆಟ್ ಕೊಡುವ ಕಂಪನಿಯ ಹೆಸರೋ, ಗೂಗಲ್ ಅಥವಾ ಕ್ಲೌಡ್‌ಫ್ಲೇರ್ ಹೆಸರೋ ಬಂದರೆ ಒಳ್ಳೆಯ ಸೂಚನೆ. ರೂಟರ್‌ನಲ್ಲಿ `8.8.8.8` ಇದ್ದರೂ ಇಲ್ಲಿ ಗೂಗಲ್‌ನದೇ ಬೇರೊಂದು ನಂಬರ್ ಕಾಣುತ್ತದೆ, ಗಾಬರಿಯಾಗಬೇಡಿ. ಎಲ್ಲೋ ಹೊರದೇಶದ, ಬಾಡಿಗೆಗೆ ಸರ್ವರ್ ಕೊಡುವ ಕಂಪನಿಯ ಹೆಸರು ಬಂದರೆ ಯೋಚಿಸಬೇಕು.

ಬ್ಯಾಂಕಿನ ಹೆಸರನ್ನೇ ಎರಡು ಸರ್ವರ್‌ಗಳಲ್ಲಿ ಕೇಳಿ ನಂಬರ್ ಹೋಲಿಸಿ ನೋಡಿ ಅಂತ ಕೆಲವರು ಹೇಳುತ್ತಾರೆ. ನಾನು ಅದನ್ನು ನಂಬುವುದಿಲ್ಲ. ದೊಡ್ಡ ಸೈಟ್‌ಗಳು ಕೇಳಿದವರಿಗೆ ತಕ್ಕ ಹಾಗೆ ಬೇರೆ ಬೇರೆ ನಂಬರ್ ಕೊಡುವುದು ಮಾಮೂಲು. ನಂಬರ್ ಬೇರೆ ಬಂತು ಅಂತ ಸುಮ್ನೆ ಹೆದರುವಂತಾಗುತ್ತದೆ. ಮೇಲಿನ ಪರೀಕ್ಷೆಗೂ ಒಂದು ಮಿತಿ ಇದೆ. ಜಾಣ ಕಳ್ಳ ಬ್ಯಾಂಕಿನ ಹೆಸರುಗಳಿಗೆ ಮಾತ್ರ ಸುಳ್ಳು ಹೇಳಿ, ಉಳಿದ ಪ್ರಶ್ನೆಗಳನ್ನೆಲ್ಲ ಗೂಗಲ್‌ಗೆ ದಾಟಿಸಬಹುದು. ಆಗ ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಕೊನೆಯ ಮಾತು ರೂಟರ್‌ನ ಪುಟದ್ದೇ.

ನೀವು ಕಳಿಸಿದ ಫೋಟೋಗಳಿಗೆ ಬರುತ್ತೇನೆ. ಮೊದಲ ಫೋಟೋ ‘WAN’ ಪುಟದ್ದು, ಅಂದರೆ ಹೊರಗಿನಿಂದ ಬರುವ ನೆಟ್‌ನ ಸೆಟ್ಟಿಂಗ್. ಅಲ್ಲಿ ಡಿಎನ್‌ಎಸ್ ತಾನಾಗಿ ಬರುವಂತೆ ಇಟ್ಟಿದೆ, ಏನೂ ತಪ್ಪಿಲ್ಲ. ಹೆಚ್ಚಿನವರು ಇಷ್ಟು ನೋಡಿ ಮುಚ್ಚಿಬಿಡುತ್ತಾರೆ. ಆದರೆ ಡಿಎನ್‌ಎಸ್ ಬರೆಯಲು ರೂಟರ್‌ನಲ್ಲಿ ಎರಡು ಜಾಗ ಇವೆ. ಇನ್ನೊಂದು ಮನೆಯ ಸಾಧನಗಳಿಗೆ ವಿಳಾಸ ಹಂಚುವ ‘DHCP’ ಪುಟದಲ್ಲಿ. ನಿಮ್ಮ ಎರಡನೇ ಫೋಟೋದಲ್ಲಿ ಇರುವುದು ಹೀಗೆ (ಮೊದಲ ನಂಬರನ್ನು ನಾನು ಬದಲಿಸಿ ಬರೆದಿದ್ದೇನೆ):

```
Primary DNS:   203.0.113.53
Secondary DNS: 8.8.8.8
```

ಎರಡನೆಯದು ಗೂಗಲ್‌ನದು. ಅದನ್ನು ನೋಡಿಯೇ ನಿಮ್ಮ ಕೇಬಲ್ ಹುಡುಗ ‘ಗೂಗಲ್ ಡಿಎನ್‌ಎಸ್ ಇದೆ ಸರ್, ಏನೂ ಪ್ರಾಬ್ಲಂ ಇಲ್ಲ’ ಅಂದಿದ್ದು ಅನಿಸುತ್ತದೆ. ಆದರೆ ಈ ಜೋಡಿಯೇ ಅನುಮಾನದ ಗುರುತು. ಕಳ್ಳರ ಸರ್ವರ್ ಒಂದು ದಿನ ಕೆಟ್ಟು ನಿಂತರೂ ಮನೆಯ ನೆಟ್ ನಿಲ್ಲಬಾರದು. ನಿಂತರೆ ನೀವು ರೂಟರ್ ಪುಟ ತೆರೆದು ನೋಡುತ್ತೀರಿ, ಅಲ್ವಾ? ಅದಕ್ಕೇ ಹಿಂದೆ `8.8.8.8` ಇಟ್ಟಿರುತ್ತಾರೆ. 2016ರಲ್ಲಿ ಕ್ಯಾಸ್ಪರ್‌ಸ್ಕಿಯವರು ಬಯಲಿಗೆಳೆದ ‘ಸ್ವಿಚರ್’ ಅನ್ನುವ ಆಂಡ್ರಾಯ್ಡ್ ಟ್ರೋಜನ್ ಕೂಡ ರೂಟರ್‌ಗಳಲ್ಲಿ ಹೀಗೇ ಎರಡನೆಯದಾಗಿ `8.8.8.8` ಬರೆಯುತ್ತಿತ್ತು. ನೀವಾಗಲಿ ನೆಟ್ ಹಾಕಿದವರಾಗಲಿ ಆ ಮೊದಲ ನಂಬರ್ ಹಾಕಿಲ್ಲ ಅಂದಮೇಲೆ, ಅದನ್ನು ಕಳ್ಳನೆಂದೇ ಲೆಕ್ಕ ಹಿಡಿಯಿರಿ.

ಇನ್ನು ಶುಚಿ ಮಾಡುವ ಕೆಲಸ. ಬರೀ ಆ ನಂಬರ್ ಅಳಿಸಿ ಸೇವ್ ಮಾಡಿದರೆ ಸಾಲದು. ಬಂದ ಬಾಗಿಲು ತೆರೆದೇ ಇರುತ್ತದೆ, ಮತ್ತೆ ಬರುತ್ತಾರೆ.

ಮೊದಲು ‘WAN’ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ರೂಟರ್ ನೆಟ್ ಕಂಪನಿಗೆ ಲಾಗಿನ್ ಆಗಲು ಬಳಸುವ ಪಿಪಿಪಿಒಇ ಯೂಸರ್‌ನೇಮ್, ವಿಲ್ಯಾನ್ ನಂಬರ್ ಅಲ್ಲಿರುತ್ತವೆ. ರೀಸೆಟ್ ಮಾಡಿದಾಗ ಅವೂ ಅಳಿಸಿಹೋಗುತ್ತವೆ, ಆಮೇಲೆ ನೆಟ್ಟೇ ಬರುವುದಿಲ್ಲ. ಪಿಪಿಪಿಒಇ ಪಾಸ್‌ವರ್ಡ್ ಪುಟದಲ್ಲಿ ಚುಕ್ಕಿಗಳಾಗಿ ಕಾಣುವುದರಿಂದ ಅದನ್ನು ನೆಟ್ ಕೊಡುವವರಿಗೆ ಫೋನ್ ಮಾಡಿ ಮೊದಲೇ ಕೇಳಿ ಬರೆದುಕೊಳ್ಳಿ. ಫೈಬರ್ ನೇರವಾಗಿ ಸಿಕ್ಕಿಸಿರುವ ಡಬ್ಬಿಯಾದರೆ ಅವರಿಗೆ ಹೇಳದೆ ರೀಸೆಟ್ ಮಾಡಲೇಬೇಡಿ.

ಆಮೇಲೆ ರೂಟರ್‌ನ ತಳದ ಸ್ಟಿಕ್ಕರ್‌ನಲ್ಲಿ ಮಾಡೆಲ್ ಹೆಸರಿನ ಜೊತೆ ‘Ver’ ಅಥವಾ ‘V’ ಎಂದಿರುವ ನಂಬರನ್ನೂ ನೋಡಿ. ಮೊಬೈಲ್ ಡೇಟಾದಲ್ಲಿ ತಯಾರಕರ ಸೈಟ್‌ನಿಂದ ಅದೇ ವರ್ಶನ್‌ನ ಹೊಸ ಫರ್ಮ್‌ವೇರ್, ಅಂದರೆ ರೂಟರ್ ಒಳಗಿನ ಸಾಫ್ಟ್‌ವೇರ್, ಇಳಿಸಿಕೊಳ್ಳಿ. ವರ್ಶನ್ ತಪ್ಪಿದರೆ ರೂಟರ್ ಕೆಟ್ಟು ಇಟ್ಟಿಗೆಯಂತಾಗಬಹುದು.

ಈಗ ಹೊರಗಿನಿಂದ ಬರುವ ನೆಟ್ ಕೇಬಲ್ ಕಿತ್ತು ಪಕ್ಕಕ್ಕಿಡಿ. ಹಿಂದಿನ ಸಣ್ಣ ತೂತಿನೊಳಗೆ ಪಿನ್ ಹಾಕಿ ಸುಮಾರು 10 ಸೆಕೆಂಡು ಒತ್ತಿ ಹಿಡಿಯಿರಿ, ದೀಪಗಳೆಲ್ಲ ಮಿನುಗುವವರೆಗೆ. ಕೇಬಲ್ ಇನ್ನೂ ಹೊರಗಿರುವಾಗಲೇ ಲ್ಯಾಪ್‌ಟಾಪಿನಿಂದ ಒಳಹೋಗಿ ಫರ್ಮ್‌ವೇರ್ ಏರಿಸಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ರೂಟರ್ ಪುಟ ತೆರೆಯಲು ಬಿಡುವ ‘Remote Management’ ಆಫ್ ಇದೆಯಾ ನೋಡಿ. ಇಲ್ಲಿ ತುಂಬ ಜನ ಎಡವುತ್ತಾರೆ. ಅವರು ಬದಲಿಸುವುದು ವೈಫೈ ಪಾಸ್‌ವರ್ಡ್. ಅದು ಪಕ್ಕದ ಮನೆಯವರನ್ನು ತಡೆಯುತ್ತದೆ. ಈ ಥರದ ಪುಟಗಳನ್ನು ತಡೆಯುವುದು ಸೆಟ್ಟಿಂಗ್ ಪುಟಕ್ಕೆ ಹೋಗುವಾಗ ಕೇಳುವ ಅಡ್ಮಿನ್ ಪಾಸ್‌ವರ್ಡ್. ಇಷ್ಟಾದ ಮೇಲೆ ಕೇಬಲ್ ಹಾಕಿ, ಪಿಪಿಪಿಒಇ ವಿವರ ತುಂಬಿ, ಲಾಗೌಟ್ ಆಗಿ.

ರೂಟರ್ ಸರಿಯಾದರೂ ಸಾಧನಗಳು ಹಳೆಯ ನಂಬರನ್ನು ಕೊಂಚ ಹೊತ್ತು ನೆನಪಿಟ್ಟುಕೊಂಡಿರುತ್ತವೆ. ‘ಎಲ್ಲಾ ಮಾಡಿದೆ, ಆದರೂ ಹಾಗೇ ಇದೆ’ ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಲ್ಯಾಪ್‌ಟಾಪಿನಲ್ಲಿ ಹೀಗೆ ಮಾಡಿ:

```
ipconfig /release
ipconfig /renew
ipconfig /flushdns
```

ಫೋನ್‌ಗಳಲ್ಲಿ ವೈಫೈ ಆಫ್ ಮಾಡಿ ಆನ್ ಮಾಡಿದರೆ ಸಾಕು. ಬ್ರೌಸರ್‌ನ ಕ್ಯಾಶ್ ಕೂಡ ಅಳಿಸಿ, ನಕಲಿ ಪುಟದ ತುಣುಕುಗಳು ಅಲ್ಲಿ ಉಳಿದಿರಬಹುದು.

ದುಡ್ಡಿನ ವಿಷಯದಲ್ಲಿ ನಿಮಗೆ ಒಂದು ಸಮಾಧಾನ ಇದೆ. ನೀವು ನೋಡಿದ ಎಚ್ಚರಿಕೆಯೇ ನಿಮ್ಮನ್ನು ಕಾಪಾಡಿದೆ. ಕಳ್ಳ ದಾರಿ ತಪ್ಪಿಸಬಲ್ಲ, ಆದರೆ ಬ್ಯಾಂಕಿನ ಹೆಸರಿನ ಸರ್ಟಿಫಿಕೇಟ್ ಅವನ ಹತ್ತಿರ ಇಲ್ಲ. ಅದಕ್ಕೇ ಬ್ರೌಸರ್ ತಡೆಯಿತು. ಯಾವತ್ತಾದರೂ ಆ ಎಚ್ಚರಿಕೆಯನ್ನು ದಾಟಿ ಪಾಸ್‌ವರ್ಡ್ ಹಾಕಿದ್ದರೆ, ಅಥವಾ ‘Not secure’ ಅಂತಿದ್ದ ಪುಟದಲ್ಲಿ ಹಾಕಿದ್ದರೆ, ಈಗಲೇ ಮೊಬೈಲ್ ಡೇಟಾದಲ್ಲಿ ಪಾಸ್‌ವರ್ಡ್ ಬದಲಿಸಿ. ಇಮೇಲ್‌ನದನ್ನೂ ಬದಲಿಸಿ. ಹಣ ಹೋಗಿರುವುದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಒಂದು ವಾರ, ದಿನಕ್ಕೊಮ್ಮೆ ‘DHCP’ ಪುಟ ನೋಡಿ. ಆ ನಂಬರ್ ಮತ್ತೆ ಬಂದು ಕೂತರೆ ಎರಡರಲ್ಲಿ ಒಂದು. ಫರ್ಮ್‌ವೇರ್‌ನಲ್ಲೇ ಪಾಸ್‌ವರ್ಡ್ ಇಲ್ಲದೆ ನುಗ್ಗುವ ತೂತು ಇರಬಹುದು, ಇಲ್ಲವೇ ಸ್ವಿಚರ್ ಥರದ ಆ್ಯಪ್ ಮನೆಯದೇ ಯಾವುದೋ ಫೋನಿನಲ್ಲಿ ಕೂತು ಬದಲಿಸುತ್ತಿರಬಹುದು. ಪತ್ತೆ ಮಾಡಲು ರೂಟರನ್ನು ಮತ್ತೆ ಶುಚಿ ಮಾಡಿ, ಒಂದು ದಿನ ಲ್ಯಾಪ್‌ಟಾಪ್ ಒಂದನ್ನೇ ಜೋಡಿಸಿ. ಆಮೇಲೆ ದಿನಕ್ಕೊಂದು ಫೋನ್ ಸೇರಿಸುತ್ತಾ ಬನ್ನಿ. ಯಾವ ಫೋನ್ ಸೇರಿದ ಮೇಲೆ ನಂಬರ್ ಬದಲಾಯಿತೋ ಅದರಲ್ಲಿ ಪ್ಲೇ ಸ್ಟೋರ್‌ನ ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗಳನ್ನು ಮೊದಲು ತೆಗೆಯಿರಿ. ಲ್ಯಾಪ್‌ಟಾಪ್ ಒಂದೇ ಇದ್ದಾಗಲೂ ಬದಲಾದರೆ, ಮತ್ತು ನಿಮ್ಮ ಮಾಡೆಲ್‌ಗೆ ಹೊಸ ಫರ್ಮ್‌ವೇರ್ ಬರುವುದು ನಿಂತು ವರ್ಷಗಳಾಗಿದ್ದರೆ, ರಿಪೇರಿಗೆ ಕೂರಬೇಡಿ. ರೂಟರ್ ಬದಲಿಸಿ.