ಬೇರು ಮೇಲೆ, ಕೊಂಬೆ ಕೆಳಗೆ

ಮೇಲಿನ ಲೋಕ, ಭೂಮಿ, ಪಾತಾಳ ಮೂರನ್ನೂ ಒಂದೇ ಮರ ಸೇರಿಸುತ್ತದೆ ಎಂಬ ಕತೆ ಹಲವು ನಾಡುಗಳಲ್ಲಿದೆ. ಹೆಚ್ಚು ಹೆಸರಾದದ್ದು ಉತ್ತರ ಯುರೋಪಿನ ನಾರ್ಸ್ ಜನರ ಇಗ್‌ಡ್ರಾಸಿಲ್ ಎಂಬ ಆಶ್ ಮರ. ಅದಕ್ಕೆ ಮೂರು ಬೇರು. ಒಂದರ ಕೆಳಗೆ ಸತ್ತವರ ಒಡತಿ ಹೆಲ್, ಇನ್ನೊಂದರ ಕೆಳಗೆ ಹಿಮದ ದೈತ್ಯರು, ಮೂರನೆಯದರ ಕೆಳಗೆ ಮನುಷ್ಯರು ಎನ್ನುತ್ತದೆ ಅವರ ಹಳೆಯ ಪದ್ಯ. ಮೇಲೆ ಒಂದು ಹದ್ದು, ಕೆಳಗೆ ಬೇರು ಕಡಿಯುವ ನಿದ್‌ಹೊಗ್ ಎಂಬ ಘಟಸರ್ಪ. ಇವರಿಬ್ಬರ ನಡುವೆ ಚಾಡಿ ಹೊತ್ತು ಓಡಾಡಲು ಒಂದು ಅಳಿಲು! ಕತೆ ಎಷ್ಟೇ ವಿಚಿತ್ರವಾಗಿದ್ದರೂ ಮರ ಮಾತ್ರ ಮರದ ಹಾಗೇ ನಿಂತಿದೆ. ಬೇರು ಕೆಳಗೆ, ಎಲೆ ಮೇಲೆ.

ನಮ್ಮದು ಹಾಗಲ್ಲ. ಕಠೋಪನಿಷತ್ತಿನ ಅಶ್ವತ್ಥಕ್ಕೆ ಬೇರು ಮೇಲೆ, ಕೊಂಬೆ ಕೆಳಗೆ. ಎಲ್ಲ ಲೋಕಗಳೂ ಅದನ್ನೇ ಆಶ್ರಯಿಸಿವೆ. ಗೀತೆಯ 15ನೇ ಅಧ್ಯಾಯ ಶುರುವಾಗುವುದೂ ಇದೇ ಚಿತ್ರದಿಂದ. ಮೇಲಿನ ಬೇರು ಎಂದರೆ ಬ್ರಹ್ಮ ಎಂದು ಭಾಷ್ಯಕಾರರು ವಿವರಿಸಿದ್ದಾರೆ. ಸರಿ, ಅರ್ಥ ಅದು. ಆದರೆ ಈ ಚಿತ್ರ ಬಂದದ್ದು ಎಲ್ಲಿಂದ?

ಆಲದ ಬಿಳಲು ನೋಡಿ ಹೇಳಿರಬೇಕು ಎಂದು ಸುಮ್ನೆ ಹೇಳಿಬಿಡಬಹುದು. ತೊಡಕಿರುವುದು ಅಲ್ಲೇ. ಶ್ಲೋಕದಲ್ಲಿರುವುದು ಅಶ್ವತ್ಥ, ಅಂದರೆ ಅರಳಿ. ಅರಳಿ ಆಲದ ಹಾಗೆ ಕೊಂಬೆಯಿಂದ ಬಿಳಲು ಬಿಡುವುದಿಲ್ಲ. ಕಟ್ಟೆಯ ಮೇಲೆ ಬೆಳೆದ ಅರಳಿಯನ್ನು ಎಷ್ಟು ಸಲ ಸುತ್ತಿದರೂ ಮೇಲೆ ಬೇರು ಕಾಣಿಸದು.

ಅದನ್ನು ನೋಡಬೇಕಾದರೆ ಕಟ್ಟೆ ಬಿಟ್ಟು ಶಿರಸಿ ಕಡೆಯ ಸೊಪ್ಪಿನ ಬೆಟ್ಟಕ್ಕೆ ಹೋಗಬೇಕು. ಅಡಿಕೆ ತೋಟಕ್ಕೆಂದು ಸೊಪ್ಪು ಕಡಿದ ಮರಗಳಲ್ಲಿ ಕವಲು, ಪೊಟರೆ ಜಾಸ್ತಿ. ಅಲ್ಲಿ ತರಗೆಲೆ ಸೇರಿ ಕೊಳೆತು ಒಂದು ಹಿಡಿ ಗೊಬ್ಬರವಾಗಿರುತ್ತದೆ. ಅರಳಿ ಹಣ್ಣು ತಿಂದ ಪಿಕಳಾರವೋ ಕುಟ್ರು ಹಕ್ಕಿಯೋ ಬಾವಲಿಯೋ ಅಲ್ಲಿ ಹಿಕ್ಕೆ ಹಾಕುತ್ತದೆ. ಅದರಲ್ಲಿರುವ ಬೀಜ ಸಾಸಿವೆಗಿಂತ ಸಣ್ಣದು. ಕಾಡಿನ ನೆಲಕ್ಕೆ ಬಿದ್ದಿದ್ದರೆ ನೆರಳಿನಲ್ಲಿ ಅದು ಬದುಕುವುದು ಕಷ್ಟ. ಮೇಲೆ ಬೆಳಕಿದೆ, ಆದರೆ ನೀರಿಲ್ಲ. ಹೀಗಾಗಿ ಮಳೆಗಾಲದಲ್ಲಿ ಮೊಳೆತ ಸಸಿಗಳಲ್ಲಿ ಬಹುಪಾಲು ಬೇಸಿಗೆಗೆ ಒಣಗುತ್ತವೆ.

ಉಳಿದುಕೊಂಡ ಸಸಿ ಮೊದಲು ಮಾಡುವ ಕೆಲಸ ಬೇರನ್ನು ಕೆಳಗೆ ಕಳಿಸುವುದು. ದಾರದಷ್ಟು ತೆಳ್ಳಗಿನ ಬೇರು ಆಸರೆ ಮರದ ತೊಗಟೆ ಹಿಡಿದು ಇಳಿಯುತ್ತದೆ. ನೆಲ ಮುಟ್ಟುವ ತನಕ ಗಿಡದ ಬೆಳವಣಿಗೆ ನಿಧಾನ. ಮುಟ್ಟಿದ ಮೇಲೆ ಮಣ್ಣಿನ ನೀರು, ಸಾರ ಎರಡೂ ಸಿಕ್ಕಿ ಗಿಡ ಒಮ್ಮೆಲೇ ಜೋರಾಗುತ್ತದೆ. ಬೇರುಗಳು ದಪ್ಪವಾಗುತ್ತವೆ, ಒಂದಕ್ಕೊಂದು ತಾಗಿದಲ್ಲಿ ಬೆಸೆದುಕೊಂಡು ಬಲೆಯಾಗುತ್ತವೆ. ಅಂದರೆ ಈ ಮರ ನಿಜಕ್ಕೂ ಮೇಲಿನಿಂದ ಕೆಳಗೆ ಹುಟ್ಟುತ್ತದೆ. ನಾವು ಕಾಂಡ ಎಂದುಕೊಳ್ಳುವುದರಲ್ಲಿ ಬಹುಭಾಗ ಇಳಿದು ಬಂದ ಬೇರು.

ಬೇರಿನ ಬಲೆ ಆಸರೆ ಮರದ ಕತ್ತು ಹಿಸುಕಿ ಕೊಲ್ಲುತ್ತದೆ ಎಂಬ ಮಾತಿದೆ. ಅದು ಅರ್ಧ ಸತ್ಯ. ಮತ್ತಿ, ನಂದಿಯಂಥ ಮರಗಳಲ್ಲಿ ಆಹಾರ ಸಾಗುವುದು ತೊಗಟೆಯ ಒಳಪದರದಲ್ಲಿ. ಕಾಂಡ ದಪ್ಪವಾಗುತ್ತಾ ಹೋದಂತೆ ಸುತ್ತಲಿನ ಬಲೆ ಆ ಪದರವನ್ನು ಒತ್ತುತ್ತದೆ. ಬೈನೆ, ತಾಳೆಗಳಲ್ಲಿ ಸಾಗಣೆಯ ನಾಳಗಳು ಕಾಂಡದ ಒಳಗೆಲ್ಲ ಹರಡಿವೆ, ಕಾಂಡ ಮರಗಳ ಹಾಗೆ ವರ್ಷವರ್ಷವೂ ಉಬ್ಬುವುದಿಲ್ಲ. ಆದ್ದರಿಂದ ಅವು ಬಲೆಯೊಳಗೂ ಬಹುಕಾಲ ಬದುಕುತ್ತವೆ. ಕೊನೆಗೆ ಅವು ಸೋಲುವುದು ಮೇಲೆ ಕವಿದ ಎಲೆಗಳ ನೆರಳಿಗೆ. ಆಸರೆ ಮರ ಸತ್ತು ಕೊಳೆತರೆ ನಡುವೆ ಟೊಳ್ಳು ಉಳಿಯುತ್ತದೆ. ದೊಡ್ಡ ಅರಳಿಯ ಬುಡದಲ್ಲಿ ಇಂಥ ಟೊಳ್ಳು, ಸುತ್ತ ಹೆಣೆದ ಬೇರು ಕಂಡರೆ ಅದು ಮೇಲೆ ಹುಟ್ಟಿದ್ದು ಎಂದುಕೊಳ್ಳಬಹುದು.

ಇದನ್ನು ತಿಳಿದು ಗೀತೆಯ ಮುಂದಿನ ಶ್ಲೋಕ ಓದಿದರೆ ಖುಷಿಯಾಗುತ್ತದೆ. ‘ಅಧಶ್ಚ ಮೂಲಾನ್ಯನುಸಂತತಾನಿ’. ಬೇರುಗಳು ಕೆಳಗೂ, ಮನುಷ್ಯಲೋಕಕ್ಕೂ ಹಬ್ಬಿವೆಯಂತೆ. ಮೇಲೂ ಬೇರು, ಕೆಳಗೂ ಬೇರು. ಮರವನ್ನು ಬರೀ ತಲೆಕೆಳಗು ಮಾಡಿ ಕಲ್ಪಿಸಿದವರಿಗೆ ಈ ಎರಡನೇ ಬೇರು ಬೇಕಿರಲಿಲ್ಲ, ಅಲ್ವಾ? ಅದಕ್ಕೇ ಇದರ ಹಿಂದೆ ಕಣ್ಣಾರೆ ಕಂಡ ಅರಳಿ ಇದೆ ಎಂದು ನನಗನಿಸುತ್ತದೆ.

ಆದರೆ ಇಂಥ ಮರ ಕಂಡವರಿಗಷ್ಟೇ ಈ ಕಲ್ಪನೆ ಬರುತ್ತದೆ ಎನ್ನುವ ಹಾಗಿಲ್ಲ. ಮರದ ಮೇಲೆ ಮರ ಹುಟ್ಟುವ ಕಾಡುಗಳಿಂದ ದೂರದ ಗ್ರೀಸಿನಲ್ಲಿ ಪ್ಲೇಟೋ ಮನುಷ್ಯನನ್ನು ಸ್ವರ್ಗದಲ್ಲಿ ಬೇರು ಬಿಟ್ಟ ಗಿಡ ಎಂದ. ತಲೆಯೇ ಅದರ ಬೇರು. ತಲೆಕೆಳಗಿನ ಮರ ಬರೀ ಯೋಚನೆಯಿಂದಲೂ ಹುಟ್ಟಬಹುದು. ಮೇಲೂ ಕೆಳಗೂ ಬೇರಿರುವ ಅಶ್ವತ್ಥದ ವಿವರವನ್ನು ಮಾತ್ರ ಪ್ಲೇಟೋನ ಗಿಡ ವಿವರಿಸುವುದಿಲ್ಲ.

ಗೀತೆಯ ಅದೇ ಅಧ್ಯಾಯದ ಮೂರನೇ ಶ್ಲೋಕ ಈ ಗಟ್ಟಿ ಬೇರಿನ ಮರವನ್ನು ಅಸಂಗ, ಅಂದರೆ ಯಾವುದಕ್ಕೂ ಅಂಟಿಕೊಳ್ಳದಿರುವುದು, ಎಂಬ ಆಯುಧದಿಂದ ಕಡಿಯಲು ಹೇಳುತ್ತದೆ. ಹಳೆಯ ಚಿರೇಕಲ್ಲಿನ ಗೋಡೆಯಲ್ಲಿ ಅರಳಿ ಎದ್ದವರಿಗೆ ಗೊತ್ತು, ಮೇಲಿನ ಚಿಗುರು ಕತ್ತರಿಸಿದರೆ ಸಾಲದು. ಕಲ್ಲಿನ ಸಂದಿಯಲ್ಲಿ ಬೇರು ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ದಪ್ಪವಾದ ಮೇಲೆ ಎಳೆದರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಎರಡೆಲೆ ಇರುವಾಗಲೇ ಬೇರುಸಮೇತ ಕೀಳಬೇಕು.